ಫಾರ್ಮ್‌ನಲ್ಲಿ ‘ಇಲ್ಲ’, ಕೇಸ್ ಶೀಟಿನಲ್ಲಿ ‘ಇದೆ’

(ಶಿವಮೊಗ್ಗದಲ್ಲಿ ಶಾಲಾ ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಧ್ಯೆ ಬಂದ ಪ್ರಶ್ನೆಗಳನ್ನೂ ಅಲ್ಲಲ್ಲಿ ಸೇರಿಸಿದ್ದೇನೆ.)

ಇನ್ಶೂರೆನ್ಸ್ ಕ್ಲೇಮ್ ರಿಜೆಕ್ಟ್ ಆಯಿತು ಅಂದಾಗ ಎಲ್ಲರೂ ಮೊದಲು ಹುಡುಕುವುದು ಪಾಲಿಸಿ ಪುಸ್ತಕವನ್ನು. ಷರತ್ತು ಎಲ್ಲಿದೆ, ಸಣ್ಣ ಅಕ್ಷರದಲ್ಲಿ ಏನಿದೆ ಅಂತ. ನಾನು ಕ್ಲೇಮ್ ಫೈಲ್‌ಗಳನ್ನು ನೋಡುವ ಕೆಲಸದಲ್ಲಿ ಇದ್ದವನು. ಅಲ್ಲಿ ಮೊದಲು ತೆಗೆಯುತ್ತಿದ್ದದ್ದು ಎರಡೇ ಕಾಗದ. ಒಂದು, ಪಾಲಿಸಿ ಕೇಳುವಾಗ ನೀವು ಸಹಿ ಹಾಕಿದ ಪ್ರೊಪೋಸಲ್ ಫಾರ್ಮ್. ಇನ್ನೊಂದು, ಆಸ್ಪತ್ರೆಯ ಕೇಸ್ ಶೀಟ್. ಎರಡನ್ನೂ ಅಕ್ಕಪಕ್ಕ ಇಟ್ಟು ಓದುವುದು. ಎರಡರಲ್ಲೂ ಒಂದೇ ಕಥೆ ಇದ್ದರೆ ಫೈಲ್ ಮುಂದೆ ಹೋಗುತ್ತದೆ, ಬೇರೆ ಬೇರೆ ಇದ್ದರೆ ಅಲ್ಲೇ ನಿಲ್ಲುತ್ತದೆ.

ಕೇಸ್ ಶೀಟ್ ಯಾರು ಬರೆಯುತ್ತಾರೆ ಅನ್ನುವುದನ್ನು ಸ್ವಲ್ಪ ಯೋಚಿಸಿ. ರಾತ್ರಿ ಹನ್ನೊಂದಕ್ಕೆ ಅಮ್ಮನನ್ನು ಕರೆದುಕೊಂಡು ಹೋಗಿರುತ್ತೀರಿ. ಡ್ಯೂಟಿ ಡಾಕ್ಟರ್ ಬಂದು ಕೇಳುತ್ತಾರೆ: ಬಿಪಿ ಇದೆಯಾ, ಶುಗರ್ ಇದೆಯಾ, ಥೈರಾಯ್ಡ್ ಇದೆಯಾ, ಎಷ್ಟು ವರ್ಷದಿಂದ? ಗಾಬರಿಯಲ್ಲಿರುವ ಮಗನೋ ಸೊಸೆಯೋ ‘ಇದೆ ಸಾರ್, ಹತ್ತು ವರ್ಷ ಆಗಿರಬಹುದು’ ಅನ್ನುತ್ತಾರೆ. ಅದು ಹಾಗೇ ಕೇಸ್ ಶೀಟಿನಲ್ಲಿ ಕೂರುತ್ತದೆ. ನಿಜಕ್ಕೂ ಮಾತ್ರೆ ಶುರುವಾಗಿ ಐದೇ ವರ್ಷ ಆಗಿರಬಹುದು. ಆದರೆ ಬರೆದಾಯಿತಲ್ಲ. ಕಂಪನಿಯವರಿಗೆ ನಿಮ್ಮ ಹಳೆಯ ಕಾಯಿಲೆ ಗೊತ್ತಾಗುವುದು ಪತ್ತೇದಾರಿ ಕೆಲಸದಿಂದ ಅಲ್ಲ, ಹೆಚ್ಚಾಗಿ ನಿಮ್ಮ ಮನೆಯವರ ಬಾಯಿಂದಲೇ. ಡಾಕ್ಟರ್ ಹತ್ತಿರ ಸುಳ್ಳು ಹೇಳಿ ಅಂತ ಇದರ ಅರ್ಥ ಅಲ್ಲ, ಅದು ಜೀವಕ್ಕೇ ಅಪಾಯ. ಫಾರ್ಮ್ ತುಂಬುವ ದಿನವೇ ಆ ಕೇಸ್ ಶೀಟಿಗೆ ಹೊಂದುವ ಹಾಗೆ ತುಂಬಿ ಅಂತ ಅರ್ಥ.

ಈಗ ಒಂದು ಮನೆಯನ್ನು ಊಹಿಸಿಕೊಂಡು ಫಾರ್ಮ್ ತುಂಬೋಣ. ಗಂಡನಿಗೆ 44. ದಿನಕ್ಕೆ ನಾಲ್ಕು ಸಿಗರೇಟ್ ಸೇದುತ್ತಿದ್ದವರು, ಎಂಟು ತಿಂಗಳ ಹಿಂದೆ ಬಿಟ್ಟಿದ್ದಾರೆ. ಶನಿವಾರ ಸ್ನೇಹಿತರ ಜೊತೆ ಕುಡಿಯುತ್ತಾರೆ. ಅವರ ತಂದೆ 56ನೇ ವಯಸ್ಸಿನಲ್ಲಿ ಹಾರ್ಟ್ ಅಟ್ಯಾಕ್‌ನಿಂದ ತೀರಿಕೊಂಡರು. ಹೆಂಡತಿಗೆ 41. ಐದು ವರ್ಷದಿಂದ ಥೈರಾಯ್ಡ್ ಮಾತ್ರೆ, ಜೊತೆಗೆ ಚಳಿಗಾಲದಲ್ಲಿ ಉಬ್ಬಸ, ಬೇಕಾದಾಗ ಇನ್‌ಹೇಲರ್. ಗಂಡನ ಹೆಸರಿನಲ್ಲಿ ಒಂದು ಟರ್ಮ್ ಪಾಲಿಸಿ, ಅಂದರೆ ಅವರು ತೀರಿಕೊಂಡರೆ ಮನೆಯವರಿಗೆ ದುಡ್ಡು ಬರುವ ಲೈಫ್ ಪಾಲಿಸಿ, ಮತ್ತು ಇಬ್ಬರಿಗೂ ಸೇರಿ ಒಂದು ಹೆಲ್ತ್ ಪಾಲಿಸಿ ಬೇಕು. ನಮ್ಮಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ, ಅಲ್ವಾ?

ಮೊದಲು ಸಿಗರೇಟ್. ಟರ್ಮ್ ಪಾಲಿಸಿಯಲ್ಲಿ ತಂಬಾಕು ಬಳಸುವವರಿಗೆ ಒಂದು ದರ, ಬಳಸದವರಿಗೆ ಇನ್ನೊಂದು. ವ್ಯತ್ಯಾಸ ಸಣ್ಣದಲ್ಲ, ಅದಕ್ಕೇ ಇಲ್ಲಿ ‘ಇಲ್ಲ’ ಅನ್ನುವ ಆಸೆ ಜಾಸ್ತಿ. ಪ್ರಶ್ನೆಯನ್ನು ಪೂರ್ತಿ ಓದಿ. ಎಷ್ಟೋ ಫಾರ್ಮ್‌ಗಳು ‘ನೀವು ಧೂಮಪಾನಿಯೇ’ ಅಂತ ಮಾತ್ರ ಕೇಳುವುದಿಲ್ಲ. ‘ಕಳೆದ 12 ತಿಂಗಳಲ್ಲಿ ಯಾವುದೇ ರೂಪದಲ್ಲಿ ತಂಬಾಕು ಅಥವಾ ನಿಕೋಟಿನ್ ಬಳಸಿದ್ದೀರಾ’ ಅಂತ ಕೇಳುತ್ತವೆ. ಬೀಡಿ, ಗುಟ್ಕಾ, ಖೈನಿ, ಎಲೆಯಡಿಕೆ ಜೊತೆ ಹಾಕುವ ಹೊಗೆಸೊಪ್ಪು ಎಲ್ಲವೂ ಇದರಲ್ಲಿ ಬಂತು. ಸಿಗರೇಟ್ ಬಿಡಲು ಅಗಿಯುವ ನಿಕೋಟಿನ್ ಗಮ್ ಕೂಡ ಬಂತು. ನಮ್ಮ ಕಡೆ ಎಲೆಯಡಿಕೆ ಹಾಕುವವರು ‘ನಾನೇನು ಸೇದಲ್ಲ’ ಅಂತ ಧೈರ್ಯವಾಗಿ ‘ಇಲ್ಲ’ ಒತ್ತುತ್ತಾರೆ. ಅದರಲ್ಲಿ ಹೊಗೆಸೊಪ್ಪು ಇದ್ದರೆ ಆ ಉತ್ತರ ತಪ್ಪು.

ನಮ್ಮ ಗಂಡ ಬಿಟ್ಟು ಎಂಟೇ ತಿಂಗಳು. ಹಾಗಾಗಿ ಉತ್ತರ ‘ಹೌದು’. ವಿವರದ ಜಾಗದಲ್ಲಿ ಹೀಗೆ ಬರೆಯಬೇಕು: ‘ಸಿಗರೇಟ್, ದಿನಕ್ಕೆ 4, ಸುಮಾರು 12 ವರ್ಷ. ಇಂಥ ತಿಂಗಳಿಂದ ಪೂರ್ತಿ ನಿಲ್ಲಿಸಿದ್ದೇನೆ. ವೈದ್ಯರ ಸಲಹೆಯಿಂದಲ್ಲ, ಸ್ವಂತ ನಿರ್ಧಾರ.’ ಕೊನೆಯ ಆ ಮಾತು ಯಾಕೆ ಅಂದರೆ, ‘ಯಾಕೆ ಬಿಟ್ಟಿರಿ’ ಅನ್ನುವ ಪ್ರಶ್ನೆ ತುಂಬ ಫಾರ್ಮ್‌ಗಳಲ್ಲಿ ಇರುತ್ತದೆ. ಡಾಕ್ಟರ್ ಹೇಳಿ ಬಿಟ್ಟಿದ್ದರೆ ಅದನ್ನೇ ಬರೆಯಬೇಕು, ಅದರ ಹಿಂದೆ ಒಂದು ಕಾಯಿಲೆ ಇರಬಹುದು ಅಂತ ಅವರು ಕೇಳುತ್ತಿರುವುದು. ಮೆಡಿಕಲ್ ಟೆಸ್ಟ್‌ನಲ್ಲಿ ಮೂತ್ರದ ಕೊಟಿನೈನ್ ಪರೀಕ್ಷೆ ಮಾಡಿಸಿದರೆ ಕೆಲವು ದಿನಗಳ ಹಿಂದಿನ ನಿಕೋಟಿನ್ ಮಾತ್ರ ಕಾಣುತ್ತದೆ, ಎಂಟು ತಿಂಗಳ ಹಿಂದಿನದು ಕಾಣುವುದಿಲ್ಲ. ‘ಹಾಗಾದರೆ ಗೊತ್ತಾಗುವುದೇ ಇಲ್ಲವಲ್ಲ’ ಅಂತ ಒಬ್ಬರು ಮೇಷ್ಟ್ರು ಕೇಳಿದರು. ಟೆಸ್ಟ್‌ನಲ್ಲಿ ಗೊತ್ತಾಗುವುದಿಲ್ಲ, ಸರಿ. ಆದರೆ ಹೋದ ವರ್ಷ ಕೆಮ್ಮಿಗೆ ತೋರಿಸಿದಾಗ ಡಾಕ್ಟರ್ ಚೀಟಿಯಲ್ಲಿ ‘ಸ್ಮೋಕರ್’ ಅಂತ ಬರೆದಿರುತ್ತಾರೆ. ಇವರು ತೀರಿಕೊಂಡ ಮೇಲೆ ಆ ಚೀಟಿ ಹೆಂಡತಿಯ ಮುಂದೆ ಬರುತ್ತದೆ. ಒಂದು ವರ್ಷ ತುಂಬುವವರೆಗೆ ಕಾಯುವುದಾ, ಈಗಲೇ ಜಾಸ್ತಿ ದರಕ್ಕೆ ತೆಗೆದುಕೊಂಡು ಆಮೇಲೆ ಕಡಿಮೆ ದರದ ಹೊಸ ಪಾಲಿಸಿ ನೋಡುವುದಾ ಅಂದರೆ, ನಾನು ಎರಡನೆಯದನ್ನೇ ಹೇಳುತ್ತೇನೆ. ಆದರೆ ಹೊಸದು ಕೈಗೆ ಬರುವ ಮೊದಲು ಹಳೆಯದನ್ನು ಬಿಡಬಾರದು.

ಕುಡಿತದ ಕಾಲಂ ಇನ್ನೂ ತಮಾಷೆ. ಎಲ್ಲರೂ ಬರೆಯುವುದು ‘ಅಪರೂಪಕ್ಕೆ’ ಅಂತ. ಅಪರೂಪ ಅಂದರೆ ಎಷ್ಟು? ಹಬ್ಬಕ್ಕೊಮ್ಮೆಯೋ, ವಾರಕ್ಕೊಮ್ಮೆಯೋ? ಫಾರ್ಮ್ ಕೇಳುವುದು ಯಾವುದು, ಎಷ್ಟು, ಎಷ್ಟು ಸಲ ಅಂತ. ಅದನ್ನು ಎಂಎಲ್ ಲೆಕ್ಕದಲ್ಲೇ ಬರೆಯಿರಿ. ವಿಸ್ಕಿಯ 30 ಎಂಎಲ್ ಅಂದರೆ ಒಂದು ಪೆಗ್. ನಮ್ಮಲ್ಲಿ ಸಿಗುವ 90 ಎಂಎಲ್ ಪ್ಯಾಕೆಟ್ ಅಂದರೆ ಮೂರು ಪೆಗ್, ಕ್ವಾರ್ಟರ್ ಅಂದರೆ ಆರು. 650 ಎಂಎಲ್ ಬಿಯರ್ ಬಾಟಲಿ, ಶೇ 5ರದ್ದಾದರೆ, ಎರಡೂವರೆ ಪೆಗ್‌ಗೆ ಸಮ. ನಮ್ಮ ಗಂಡ ಶನಿವಾರಕ್ಕೆ 90ರ ಎರಡು ಪ್ಯಾಕೆಟ್ ಮುಗಿಸುತ್ತಾರೆ ಅನ್ನಿ. ಹಾಗಾದರೆ ‘ವಿಸ್ಕಿ, ವಾರಕ್ಕೆ ಒಮ್ಮೆ, 180 ಎಂಎಲ್’ ಅಂತಲೇ ಬರೆಯಬೇಕು. ಇಷ್ಟಕ್ಕೇ ಪಾಲಿಸಿ ಕೊಡುವುದಿಲ್ಲ ಅನ್ನುವುದು ಕಡಿಮೆ. ಲಿವರ್ ಪರೀಕ್ಷೆ ಕೇಳಬಹುದು, ಅದು ಸರಿ ಇದ್ದರೆ ಮುಂದೆ ಹೋಗಬಹುದು.

ಇಲ್ಲಿ ‘ಇಲ್ಲ’ ಅಂದರೆ ಏನಾಗುತ್ತದೆ ಅನ್ನುವುದಕ್ಕೆ 2025ರ ಸುಪ್ರೀಂ ಕೋರ್ಟ್ ತೀರ್ಪೊಂದಿದೆ. ಎಲ್‌ಐಸಿಯ ಜೀವನ್ ಆರೋಗ್ಯ ಪಾಲಿಸಿ, ಹರಿಯಾಣದವರು. ಫಾರ್ಮ್‌ನಲ್ಲಿ ಕುಡಿತ ಇಲ್ಲ ಅಂತ ಇತ್ತು. ಹೊಟ್ಟೆನೋವು ಅಂತ ಆಸ್ಪತ್ರೆ ಸೇರಿ ತೀರಿಕೊಂಡರು. ಆಸ್ಪತ್ರೆಯ ದಾಖಲೆಯಲ್ಲಿ ಬಹಳ ವರ್ಷದ ಕುಡಿತ ಅಂತ ಬರೆದಿತ್ತು. ಸಾವು ಆದದ್ದು ಹೃದಯ ನಿಂತು, ಕುಡಿತಕ್ಕೂ ಅದಕ್ಕೂ ಏನು ಸಂಬಂಧ ಅಂತ ಮನೆಯವರು ವಾದಿಸಿದರು. ಕೋರ್ಟ್ ಒಪ್ಪಲಿಲ್ಲ, ಕ್ಲೇಮ್ ನಿರಾಕರಿಸಿದ್ದು ಸರಿ ಅಂದಿತು.

ಇದಕ್ಕೆ ವಿರುದ್ಧವಾಗಿ ಕಾಣುವ ತೀರ್ಪೂ ಇದೆ, ಅದನ್ನು ಹಿಡಿದುಕೊಂಡು ಯಾಮಾರುವವರೂ ಇದ್ದಾರೆ. 2015ರಲ್ಲಿ ಇದೇ ಸುಪ್ರೀಂ ಕೋರ್ಟ್ ಇನ್ನೊಂದು ಎಲ್‌ಐಸಿ ಪ್ರಕರಣದಲ್ಲಿ, ಬೆನ್ನುಮೂಳೆಯ ತೊಂದರೆ ಹೇಳದೇ ಇದ್ದವರು ಹೃದಯದ ಕಾಯಿಲೆಯಿಂದ ತೀರಿಕೊಂಡಾಗ, ಅವೆರಡಕ್ಕೂ ಸಂಬಂಧವಿಲ್ಲ, ದುಡ್ಡು ಕೊಡಿ ಅಂದಿತ್ತು. ಹಾಗಾಗಿ ‘ಸಂಬಂಧವಿಲ್ಲದ ಕಾಯಿಲೆ ಮುಚ್ಚಿಟ್ಟರೆ ಪರವಾಗಿಲ್ಲ’ ಅಂತ ಹೇಳುವ ಏಜೆಂಟರಿದ್ದಾರೆ. ಆ ಮನೆಯವರು ಸುಪ್ರೀಂ ಕೋರ್ಟ್ ತನಕ ಹೋಗಬೇಕಾಯಿತು ಅನ್ನುವುದನ್ನು ಮಾತ್ರ ಹೇಳುವುದಿಲ್ಲ.

ಕುಟುಂಬದ ಇತಿಹಾಸ. ಲೈಫ್ ಫಾರ್ಮ್‌ನಲ್ಲಿ ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿಯರ ಒಂದು ಪಟ್ಟಿ ಇರುತ್ತದೆ. ಬದುಕಿದ್ದರೆ ವಯಸ್ಸು ಮತ್ತು ಆರೋಗ್ಯ, ಇಲ್ಲದಿದ್ದರೆ ತೀರಿಕೊಂಡಾಗ ವಯಸ್ಸು ಮತ್ತು ಕಾರಣ. ಅವರಿಗೆ ಬೇಕಾಗಿರುವುದು ಹತ್ತಿರದ ರಕ್ತಸಂಬಂಧದಲ್ಲಿ, ಸಾಮಾನ್ಯವಾಗಿ 60ಕ್ಕಿಂತ ಮೊದಲು, ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಬಂದಿದೆಯಾ ಅನ್ನುವುದು. 82ಕ್ಕೆ ಹೋದ ಅಜ್ಜನನ್ನೋ, ಸೋದರಮಾವನನ್ನೋ ಫಾರ್ಮ್ ಕೇಳದಿದ್ದರೆ ಎಳೆದು ತರಬೇಡಿ. ನಮ್ಮ ಗಂಡ ‘ತಂದೆ, 56, ಹೃದಯಾಘಾತ’ ಅಂತ ಬರೆಯಬೇಕು. ಇದರಿಂದ ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಒಂದು ಟಿಎಂಟಿ ಟೆಸ್ಟ್ ಜಾಸ್ತಿ ಆಗಬಹುದು, ಪ್ರೀಮಿಯಂ ಸ್ವಲ್ಪ ಏರಬಹುದು. ಅಪ್ಪನಿಗೆ ಇದ್ದ ಕಾಯಿಲೆ ನಿಮ್ಮ ಹಳೆಯ ಕಾಯಿಲೆ ಅಂತ ಲೆಕ್ಕ ಆಗುವುದಿಲ್ಲ, ಈ ಗೊಂದಲ ತುಂಬ ಜನರಿಗಿದೆ. ಇನ್ನು ಹಳ್ಳಿಯಲ್ಲಿ ತೀರಿಕೊಂಡವರ ಕಾರಣ ಎಷ್ಟೋ ಸಲ ಯಾರಿಗೂ ಗೊತ್ತಿರುವುದಿಲ್ಲ. ‘ಎದೆ ಹಿಡಿದುಕೊಂಡಿತು, ಹೋದರು’ ಅಷ್ಟೇ. ಆಗ ‘ನೈಸರ್ಗಿಕ’ ಅಂತ ಸುಮ್ನೆ ತುಂಬಬೇಡಿ. ‘ಎದೆನೋವಿನ ನಂತರ ಮನೆಯಲ್ಲೇ ಸಾವು, ವೈದ್ಯಕೀಯ ಕಾರಣ ಗೊತ್ತಿಲ್ಲ’ ಅಂತ ಗೊತ್ತಿರುವಷ್ಟನ್ನೇ ಬರೆಯಿರಿ.

ಈಗ ಹೆಂಡತಿಯ ಕಡೆ ಬರೋಣ. ಥೈರಾಯ್ಡ್ ಬಗ್ಗೆ ನಾನು ಜಾಸ್ತಿ ಕೇಳಿರುವ ಮಾತು: ‘ಅದೇನು ಕಾಯಿಲೆನಾ ಸಾರ್, ಒಂದು ಮಾತ್ರೆ ಅಷ್ಟೇ.’ ಕಂಪನಿಯ ದೃಷ್ಟಿಯಲ್ಲಿ ದಿನಾ ಬೆಳಿಗ್ಗೆ ನುಂಗುವ ಮಾತ್ರೆ ಅಂದರೆ ನಡೆಯುತ್ತಿರುವ ಚಿಕಿತ್ಸೆ. ಫಾರ್ಮ್‌ನಲ್ಲಿ ಥೈರಾಯ್ಡ್ ಅಂತ ಪ್ರತ್ಯೇಕ ಕಾಲಂ ಇಲ್ಲದಿದ್ದರೂ ‘ನಿಯಮಿತವಾಗಿ ಯಾವುದಾದರೂ ಔಷಧ ತೆಗೆದುಕೊಳ್ಳುತ್ತಿದ್ದೀರಾ’ ಅನ್ನುವ ಪ್ರಶ್ನೆ ಇದ್ದೇ ಇರುತ್ತದೆ. ಬಸುರಿಯಾಗಿದ್ದಾಗ ಶುರುವಾಗಿ ಹೆರಿಗೆ ಆದಮೇಲೆ ನಿಂತುಹೋದ ಥೈರಾಯ್ಡ್ ಕೂಡ ಹೇಳುವಂಥದ್ದೇ. ‘ಇಂಥ ವರ್ಷದಲ್ಲಿ ಇಷ್ಟು ತಿಂಗಳು, ಈಗ ಮಾತ್ರೆ ಇಲ್ಲ, ರಕ್ತಪರೀಕ್ಷೆಯಲ್ಲಿ ಕೊನೆಯ ಟಿಎಸ್‌ಎಚ್ ಇಷ್ಟು’ ಅಂದರೆ ಮುಗಿಯಿತು.

2007ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ಪ್ರಕರಣ ಥೈರಾಯ್ಡ್‌ದೇ. 1987ರ ಫೆಬ್ರವರಿಯಲ್ಲಿ ಒಬ್ಬರು ಎಲ್‌ಐಸಿ ಪಾಲಿಸಿ ಮಾಡಿಸಿದರು. ಅದಕ್ಕೆ ನಾಲ್ಕು ವರ್ಷ ಮೊದಲು ಥೈರಾಯ್ಡ್ ಗಡ್ಡೆಗೆ ಆಪರೇಷನ್ ಆಗಿತ್ತು. ಫಾರ್ಮ್‌ನಲ್ಲಿ ಆಪರೇಷನ್ ಇಲ್ಲ ಅಂತ ಇತ್ತು. ಅದೇ ವರ್ಷ ಜುಲೈನಲ್ಲಿ ತೀರಿಕೊಂಡರು. ಇಪ್ಪತ್ತು ವರ್ಷ ಕೇಸು ನಡೆದು ಕೊನೆಗೆ ಮನೆಯವರಿಗೆ ಏನೂ ಸಿಗಲಿಲ್ಲ. ಆಪರೇಷನ್ ಆಗಿದೆಯಾ ಅಂತ ನೇರವಾಗಿ ಕೇಳಿದ ಪ್ರಶ್ನೆಗೆ ಬೇಕಂತಲೇ ತಪ್ಪು ಉತ್ತರ ಕೊಟ್ಟಿದ್ದೇ ಅಲ್ಲಿ ಮುಳುವಾಯಿತು.

ನಮ್ಮ ಹೆಂಡತಿಯ ಉತ್ತರ ಹೀಗಿರಲಿ: ‘ಹೈಪೋಥೈರಾಯ್ಡ್, 2020ರಿಂದ. ಥೈರಾಕ್ಸಿನ್ 50 ಮೈಕ್ರೋಗ್ರಾಂ ದಿನಕ್ಕೆ ಒಂದು. ಗಡ್ಡೆ ಇಲ್ಲ, ಆಪರೇಷನ್ ಆಗಿಲ್ಲ, ಇದಕ್ಕಾಗಿ ಆಸ್ಪತ್ರೆ ಸೇರಿಲ್ಲ. ಕೊನೆಯ ಟಿಎಸ್‌ಎಚ್ ವರದಿ ಲಗತ್ತಿಸಿದೆ.’ ಬರೀ ‘ಥೈರಾಯ್ಡ್ ಇದೆ’ ಅಂದರೆ ಫೈಲ್ ನೋಡುವವರು ಗಡ್ಡೆಯನ್ನೂ, ಕ್ಯಾನ್ಸರನ್ನೂ ಊಹಿಸಬೇಕಾಗುತ್ತದೆ, ಇನ್ನಷ್ಟು ಕಾಗದ ಕೇಳುತ್ತಾರೆ. ‘ಇದೆ’ ಅನ್ನುವುದರ ಜೊತೆಗೆ ಏನು ಇಲ್ಲ ಅನ್ನುವುದನ್ನೂ ಬರೆದರೆ ನಿಮಗೇ ಲಾಭ.

ಉಬ್ಬಸದ ಕಷ್ಟ ಬೇರೆ. ನಮ್ಮ ಮನೆಗಳಲ್ಲಿ ಅದಕ್ಕೆ ಆಸ್ತಮಾ ಅನ್ನುವುದೇ ಇಲ್ಲ. ವೀಸಿಂಗ್, ಡಸ್ಟ್ ಅಲರ್ಜಿ, ಚಳಿಗೆ ದಮ್ಮು, ಹೀಗೆ. ಡಾಕ್ಟರೂ ಎಷ್ಟೋ ಸಲ ರೋಗಿಗೆ ಭಯ ಬೇಡ ಅಂತ ಅಲರ್ಜಿ ಅಂತಲೇ ಹೇಳಿ ಚೀಟಿಯಲ್ಲಿ ಮಾತ್ರ ಆಸ್ತಮಾ ಅಂತ ಬರೆದಿರುತ್ತಾರೆ. ಹಾಗಾಗಿ ಫಾರ್ಮ್ ತುಂಬುವ ಮೊದಲು ಚೀಟಿ ತೆಗೆದು ನೋಡಿ, ಅರ್ಥವಾಗದಿದ್ದರೆ ಅದೇ ಡಾಕ್ಟರನ್ನು ಕೇಳಿ. ಚೀಟಿಯಲ್ಲಿರುವ ಹೆಸರೇ ಫಾರ್ಮ್‌ನಲ್ಲಿ ಇರಲಿ. ಅದೇ ರೀತಿ, ಯಾವ ಡಾಕ್ಟರೂ ಹೇಳದ ಕಾಯಿಲೆಯನ್ನು ನೀವೇ ಕಲ್ಪಿಸಿಕೊಂಡು ಬರೆಯಬೇಡಿ. ಧೂಳಿಗೆ ಸೀನು ಬಂದರೆ ಅದು ಆಸ್ತಮಾ ಅಲ್ಲ. ಇನ್‌ಹೇಲರ್ ಬರೆದುಕೊಟ್ಟಿದ್ದರೆ, ನೆಬ್ಯುಲೈಸರ್ ಹಾಕಿಸಿಕೊಂಡಿದ್ದರೆ ಮಾತ್ರ ಅದನ್ನು ಬಿಡುವ ಹಾಗಿಲ್ಲ. ಕೊನೆಯ ಸಲ ಯಾವಾಗ ಜೋರಾಯಿತು, ಸ್ಟೀರಾಯ್ಡ್ ಮಾತ್ರೆ ಬೇಕಾಯಿತಾ, ಅಡ್ಮಿಟ್ ಆದರಾ, ಈ ಮೂರಕ್ಕೆ ಉತ್ತರ ಬರೆದುಬಿಡಿ.

ಈಗ ಇದೆಲ್ಲ ಬರೆದ ಮೇಲೆ ಹೆಲ್ತ್ ಪಾಲಿಸಿಯಲ್ಲಿ ಏನಾಗುತ್ತದೆ? ಸಾಮಾನ್ಯವಾಗಿ ಥೈರಾಯ್ಡ್ ಮತ್ತು ಆಸ್ತಮಾ ಎರಡನ್ನೂ ‘ಮೊದಲೇ ಇದ್ದ ಕಾಯಿಲೆ’ ಅಂತ ಪಾಲಿಸಿಯಲ್ಲಿ ನಮೂದಿಸಿ, ಅವುಗಳಿಗೆ ಕಾಯುವ ಅವಧಿ ಹಾಕುತ್ತಾರೆ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐನ 2024ರ ನಿಯಮದ ಪ್ರಕಾರ ಇದು 36 ತಿಂಗಳಿಗಿಂತ ಜಾಸ್ತಿ ಇರುವಂತಿಲ್ಲ, ಮೊದಲು 48 ಇತ್ತು. ಕೆಲವೊಮ್ಮೆ ಪ್ರೀಮಿಯಂ ಮೇಲೆ ಲೋಡಿಂಗ್ ಅಂತ ಇನ್ನಷ್ಟು ದುಡ್ಡು ಹಾಕುತ್ತಾರೆ, ಅದಕ್ಕೆ ನಿಮ್ಮ ಒಪ್ಪಿಗೆ ಕೇಳಿ ಪತ್ರ ಬರುತ್ತದೆ.

ಎರಡನೇ ವರ್ಷದಲ್ಲಿ ಆ ಹೆಂಡತಿಗೆ ಡೆಂಗ್ಯೂ ಬಂತು, ಐದು ದಿನ ಅಡ್ಮಿಟ್ ಆದರು ಅಂದುಕೊಳ್ಳಿ. ಕೇಸ್ ಶೀಟಿನಲ್ಲಿ ‘ಹೈಪೋಥೈರಾಯ್ಡ್, ಆಸ್ತಮಾ’ ಅಂತ ಬರೆದಿರುತ್ತಾರೆ. ಫಾರ್ಮ್‌ನಲ್ಲೂ ಅದೇ ಇದೆ. ಡೆಂಗ್ಯೂಗೂ ಅವಕ್ಕೂ ಸಂಬಂಧವಿಲ್ಲ, ಹಾಗಾಗಿ ಇವುಗಳ ನೆಪದಲ್ಲಿ ಕ್ಲೇಮ್ ನಿಲ್ಲುವುದಿಲ್ಲ. ಆಸ್ತಮಾ ಜೋರಾಗಿಯೇ ಅಡ್ಮಿಟ್ ಆಗಿದ್ದರೆ? ಕಾಯುವ ಅವಧಿ ಮುಗಿದಿಲ್ಲ, ಆ ಬಿಲ್ಲು ನೀವೇ ಕಟ್ಟಬೇಕು, ಆದರೆ ಪಾಲಿಸಿ ಉಳಿಯುತ್ತದೆ. ಅವೆರಡನ್ನೂ ಮುಚ್ಚಿಟ್ಟಿದ್ದರೆ ಅದೇ ಡೆಂಗ್ಯೂ ಬಿಲ್ಲಿಗೆ ಕ್ಯಾಶ್‌ಲೆಸ್ ಕೇಳಿದಾಗ ಮೊದಲು ಬರುವುದು ‘ಆಸ್ತಮಾ ಯಾವಾಗಿನಿಂದ, ಮೊದಲ ಚೀಟಿ ಕಳಿಸಿ’ ಅನ್ನುವ ಪ್ರಶ್ನೆ. ಆಮೇಲೆ ಕ್ಲೇಮ್ ನಿರಾಕರಣೆ, ಕೆಲವೊಮ್ಮೆ ಪಾಲಿಸಿಯೇ ರದ್ದು. ಮುಂದೆ ಇನ್ನೊಂದು ಕಂಪನಿಗೆ ಹೋದರೂ ‘ಹಿಂದೆ ಪಾಲಿಸಿ ರದ್ದಾಗಿದೆಯಾ’ ಅಂತ ಅವರ ಫಾರ್ಮ್ ಕೇಳುತ್ತದೆ.

‘ಮೂರು ವರ್ಷ ತಳ್ಳಿದರೆ ಯಾರೂ ಕೇಳಲ್ಲವಂತೆ’ ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಅದು ಅರ್ಧ ನಿಜ. ವಿಮಾ ಕಾಯ್ದೆಯ 45ನೇ ಸೆಕ್ಷನ್, 2015ರ ತಿದ್ದುಪಡಿ ಆದಮೇಲೆ, ಲೈಫ್ ಪಾಲಿಸಿಯನ್ನು ಮೂರು ವರ್ಷದ ನಂತರ ಯಾವ ಕಾರಣಕ್ಕೂ ಪ್ರಶ್ನಿಸುವ ಹಾಗಿಲ್ಲ ಅನ್ನುತ್ತದೆ. ಆದರೆ ಇದು ಲೈಫ್ ಪಾಲಿಸಿಗೆ ಮಾತ್ರ. ಕಂತು ಕಟ್ಟದೆ ಪಾಲಿಸಿ ನಿಂತು ಮತ್ತೆ ಚಾಲ್ತಿ ಮಾಡಿಸಿದರೆ ಆ ದಿನದಿಂದ ಮೂರು ವರ್ಷ ಮತ್ತೆ ಶುರು. ಹೆಲ್ತ್ ಪಾಲಿಸಿಗೆ ಲೆಕ್ಕ ಬೇರೆ: 60 ತಿಂಗಳು ಎಡೆಬಿಡದೆ ನಡೆದಿರಬೇಕು, ಆಮೇಲೂ ವಂಚನೆ ಅಂತ ಸಾಬೀತಾದರೆ ತಿರಸ್ಕರಿಸಬಹುದು. ಮಧ್ಯೆ 5 ಲಕ್ಷದ ಕವರ್ ಅನ್ನು 10 ಮಾಡಿಸಿದರೆ, ಜಾಸ್ತಿ ಮಾಡಿದ 5 ಲಕ್ಷಕ್ಕೆ 60 ತಿಂಗಳು ಹೊಸದಾಗಿ ಎಣಿಸಬೇಕು. ಅಂದಹಾಗೆ ಆ ಮೂರು ವರ್ಷದ ಒಳಗೇ ಸಾವು ಬಂದರೆ ಏನು ಗತಿ ಅನ್ನುವುದಕ್ಕೆ ಈ ಸಲಹೆ ಕೊಡುವವರ ಹತ್ತಿರ ಉತ್ತರ ಇರುವುದಿಲ್ಲ.

ಫಾರ್ಮ್ ಯಾರು ತುಂಬುತ್ತಾರೆ ಅನ್ನುವುದು ಕೊನೆಯ ವಿಷಯ, ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಕ್ಲೇಮ್ ಹಾಳಾಗುವುದು ಇಲ್ಲೇ. ನೀವು ಏಜೆಂಟ್‌ಗೆ ಎಲ್ಲವನ್ನೂ ಹೇಳಿರುತ್ತೀರಿ. ಅವರು ‘ಇದೆಲ್ಲ ಬೇಡ ಬಿಡಿ ಮೇಡಂ, ಪಾಲಿಸಿ ಲೇಟ್ ಆಗುತ್ತೆ’ ಅಂತ ಎಲ್ಲದಕ್ಕೂ ‘ಇಲ್ಲ’ ಹಾಕಿರುತ್ತಾರೆ. ನೀವು ಒಂದು ಓಟಿಪಿ ಹೇಳಿರುತ್ತೀರಿ, ಅದೇ ನಿಮ್ಮ ಸಹಿ. ಓದದೇ ಸಹಿ ಹಾಕಿದೆ, ಖಾಲಿ ಫಾರ್ಮ್‌ಗೆ ಸಹಿ ಹಾಕಿದೆ ಅನ್ನುವ ವಾದವನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಒಪ್ಪಿಲ್ಲ. ಇಂಗ್ಲಿಷ್ ಫಾರ್ಮ್‌ಗೆ ಕನ್ನಡದಲ್ಲಿ ಸಹಿ ಹಾಕುವವರು ಇನ್ನೊಂದನ್ನು ಗಮನಿಸಿ. ಕೊನೆಯ ಪುಟದಲ್ಲಿ ‘ಪ್ರಶ್ನೆಗಳನ್ನು ಇವರ ಭಾಷೆಯಲ್ಲಿ ವಿವರಿಸಿದ್ದೇನೆ, ಇವರು ಅರ್ಥಮಾಡಿಕೊಂಡಿದ್ದಾರೆ’ ಅನ್ನುವ ಘೋಷಣೆ ಇರುತ್ತದೆ. ಯಾರೂ ವಿವರಿಸದೆ ಅಲ್ಲಿ ಸಹಿ ಬಿದ್ದರೆ ಆಮೇಲೆ ‘ಇಂಗ್ಲಿಷ್ ಬರುತ್ತಿರಲಿಲ್ಲ’ ಅನ್ನಲು ಜಾಗ ಇರುವುದಿಲ್ಲ. ಒಂದೊಂದು ಪ್ರಶ್ನೆಯನ್ನೂ ಕನ್ನಡದಲ್ಲಿ ಓದಿಸಿಕೊಂಡೇ ಸಹಿ ಹಾಕಿ.

ಏಜೆಂಟ್‌ಗೆ ಬಾಯಲ್ಲಿ ಹೇಳಿದ್ದನ್ನೇ ಒಂದು ಇಮೇಲ್‌ನಲ್ಲಿ ಕಂಪನಿಗೂ ಕಳಿಸಿ, ಚೀಟಿ, ವರದಿಗಳ ಫೋಟೋ ಸಮೇತ. ಫಾರ್ಮ್ ಕೊಟ್ಟ ಮೇಲೆ ಪಾಲಿಸಿ ಬರುವುದರೊಳಗೆ ಹೊಸದಾಗಿ ಏನಾದರೂ ಪತ್ತೆಯಾದರೆ ಅದನ್ನೂ ತಿಳಿಸಬೇಕು. ಪಾಲಿಸಿ ಕೈಗೆ ಬಂದ ದಿನ ಅದರ ಜೊತೆ ಇರುವ ಪ್ರೊಪೋಸಲ್ ಪ್ರತಿಯನ್ನು ಓದಿ. ಇಲ್ಲದಿದ್ದರೆ ಕೇಳಿ ತರಿಸಿಕೊಳ್ಳಿ. ತಪ್ಪು ಕಂಡರೆ 30 ದಿನದ ಫ್ರೀ ಲುಕ್ ಅವಧಿ ಇದೆ, ಅದರೊಳಗೆ ಸರಿಪಡಿಸಲು ಬರೆಯಿರಿ, ಬೇಡವಾದರೆ ಪಾಲಿಸಿ ವಾಪಸ್ ಮಾಡಿ.

ಈಗಾಗಲೇ ಎರಡು ವರ್ಷ ಆಗಿದೆ, ಥೈರಾಯ್ಡ್ ಬರೆದಿಲ್ಲ, ಏನು ಮಾಡಲಿ ಅಂತ ಒಬ್ಬರು ಟೀಚರ್ ಕಾರ್ಯಕ್ರಮ ಮುಗಿದ ಮೇಲೆ ಬಂದು ಕೇಳಿದರು. ಈಗಲೇ ಬರೆದು ತಿಳಿಸಿ ಅಂದೆ. ಕಾಯುವ ಅವಧಿ ಹಾಕಬಹುದು, ಲೋಡಿಂಗ್ ಹಾಕಬಹುದು, ರದ್ದು ಮಾಡುವ ಸಾಧ್ಯತೆಯೂ ಇದೆ, ಅದನ್ನು ಮುಚ್ಚಿಡಲಿಲ್ಲ. ಪಾಲಿಸಿ ಕೈತಪ್ಪಿದರೂ ಆರೋಗ್ಯವಾಗಿ ಓಡಾಡಿಕೊಂಡಿರುವಾಗ ಇನ್ನೊಂದು ಹುಡುಕಬಹುದು, ಐಸಿಯು ಹೊರಗೆ ನಿಂತು ಹುಡುಕಲು ಆಗುವುದಿಲ್ಲ. ಎಲ್ಲ ಸರಿಯಾಗಿ ಬರೆದೂ ಕ್ಲೇಮ್ ತಿರಸ್ಕರಿಸಿದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಅಲ್ಲೂ ಆಗದಿದ್ದರೆ ಇಂಥ ದೂರುಗಳನ್ನು ತೀರ್ಮಾನಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ದೂರು ಕೊಡಬಹುದು. 50 ಲಕ್ಷದವರೆಗಿನ ಪ್ರಕರಣ ನೋಡುತ್ತಾರೆ, ಶುಲ್ಕ ಇಲ್ಲ, ವಕೀಲರೂ ಬೇಡ. ಆ ದೂರಿನ ಜೊತೆ ಆ ದಿನ ಕಳಿಸಿದ ಇಮೇಲ್‌ನ ಪ್ರತಿಯನ್ನೂ ಲಗತ್ತಿಸಿ.